ಸೌಪರ್ಣಿಕೆಯ ನೀರು ಮತ್ತು ವೈವಾದ ಪ್ರಶ್ನೆಗಳು

ಕುಂದಾಪುರ, ಬೈಂದೂರು ಕಡೆಯ ಬಿ.ಎಸ್ಸಿ. ಮಕ್ಕಳಿಗೆ ಕೊಲ್ಲೂರಿನ ಸೌಪರ್ಣಿಕೆ ಕೈಗೆಟಕುವ ಪ್ರಾಜೆಕ್ಟ್ ವಿಷಯ. ಅಂಥದೊಂದು ವರದಿ ನಿಮ್ಮ ಮೇಜಿನ ಮೇಲಿದೆ ಎಂದಿಟ್ಟುಕೊಳ್ಳಿ. ಸ್ನಾನಘಟ್ಟದ ಮೇಲ್ಭಾಗದ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 7.1 ಮಿಲಿಗ್ರಾಂ, ಕೆಳಭಾಗದಲ್ಲಿ 6.4. ವಿಧಾನ ವಿಂಕ್ಲರ್ ಟೈಟ್ರೇಶನ್. ಬೈಂಡಿಂಗ್ ಚೆನ್ನಾಗಿದೆ, ಮುಖಪುಟದಲ್ಲಿ ಕೊಡಚಾದ್ರಿಯ ಫೋಟೊ. ಕೆಲಸ ಇವರದೇ ಹೌದೇ? ಹತ್ತು ನಿಮಿಷದ ವೈವಾದಲ್ಲಿ ಅದು ತಿಳಿಯಬೇಕು.

1. ವ್ಯಾಖ್ಯೆ ಕೇಳಬೇಡಿ. "ಬಿಒಡಿ ಎಂದರೇನು?" ಎಂಬುದಕ್ಕೆ ಉತ್ತರ ಹಿಂದಿನ ರಾತ್ರಿ ಬಾಯಿಪಾಠವಾಗಿರುತ್ತದೆ. ಬದಲಿಗೆ ವರದಿಯ ಕೋಷ್ಟಕ ಬಿಡಿಸಿ ಎದುರಿಗಿಡಿ. ನೆನಪಿನ ಪರೀಕ್ಷೆ ಅಲ್ಲಿಗೆ ಮುಗಿಯಿತು.

2. ಕೈಯ ಕೆಲಸದಿಂದ ಶುರು ಮಾಡಿ. "ಬಾಟಲಿ ತುಂಬಿಸಿದ್ದು ಹೇಗೆ? ಮೊದಲ ಎರಡು ದ್ರಾವಣ ಹಾಕಿದ್ದು ಹೊಳೆಯ ದಡದಲ್ಲೋ, ಲ್ಯಾಬಿಗೆ ಬಂದ ಮೇಲೋ?" ಒಳಗೆ ಗಾಳಿಯ ಗುಳ್ಳೆ ಉಳಿಯಬಾರದು, ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರೀಯ ಅಯೊಡೈಡನ್ನೂ ದಡದಲ್ಲೇ ಹಾಕಿ ಆಮ್ಲಜನಕವನ್ನು ಹಿಡಿದಿಡಬೇಕು. ಮಾಡಿದವರು ಕಂದು ಬಣ್ಣದ ಗಸಿ ಕೆಳಗಿಳಿದದ್ದನ್ನು ನೀವು ಕೇಳುವ ಮೊದಲೇ ಹೇಳುತ್ತಾರೆ. ಮಾಡದವರು "ಸ್ಟ್ಯಾಂಡರ್ಡ್ ಪ್ರೊಸೀಜರ್ ಪ್ರಕಾರ ಸರ್" ಎನ್ನುತ್ತಾರೆ.

3. ಅಂಕಿಯನ್ನು ಹಿಂದಕ್ಕೆ ನಡೆಸಿ. "7.1 ಬರಬೇಕಾದರೆ ಬ್ಯುರೆಟ್ ಎಷ್ಟು ತೋರಿಸಿರಬೇಕು?" 200 ಮಿ.ಲೀ. ಮಾದರಿಗೆ 0.025 ನಾರ್ಮಲ್ ಥಯೊಸಲ್ಫೇಟ್ ಬಳಸಿದ್ದರೆ ಪ್ರತಿ ಮಿಲಿಲೀಟರ್ ಲೀಟರಿಗೆ ಒಂದು ಮಿಲಿಗ್ರಾಂಗೆ ಸಮ, ಹಾಗಾಗಿ ಉತ್ತರವೂ 7.1. ಮೊದಲ ಸಲ ಗೊತ್ತಾಗದಿದ್ದರೂ ಬಿಡಿ, "100 ಮಿ.ಲೀ. ಮಾತ್ರ ತೆಗೆದಿದ್ದರೆ?" ಎಂದು ಕೇಳಿ. 3.55 ಎಂದು ಪೆನ್ಸಿಲ್ ಹಿಡಿದು ತಲುಪಿದರೂ ಸಾಕು. ಕೋಷ್ಟಕದಲ್ಲಿ 7.137 ಎಂದಿದ್ದರೆ ಮಾತ್ರ ಸ್ವಲ್ಪ ನಿಲ್ಲಿ: ಬ್ಯುರೆಟ್‌ನ ಗೆರೆಗಳಿರುವುದು 0.1 ಮಿಲಿಲೀಟರಿಗೊಂದು, ಮೂರನೇ ದಶಮಾಂಶ ಎಲ್ಲಿಂದ ಬಂತು?

4. ತಪ್ಪನ್ನು ನೀವೇ ಕಲ್ಪಿಸಿ, ಅಂಕಿ ಯಾವ ಕಡೆ ಸರಿಯುತ್ತದೆಂದು ಕೇಳಿ. ನನಗೆ ಅತ್ಯಂತ ಇಷ್ಟದ ಪ್ರಶ್ನೆ ಬಿಒಡಿಯದು. ನಮ್ಮಲ್ಲಿ ಬಾಟಲಿಯನ್ನು 27 ಡಿಗ್ರಿಯಲ್ಲಿ 3 ದಿನ ಕತ್ತಲಲ್ಲಿಟ್ಟು, ಮೊದಲಿನ ಆಮ್ಲಜನಕದಿಂದ ಉಳಿದದ್ದನ್ನು ಕಳೆಯುವುದು ರೂಢಿ. 7.1ರಲ್ಲಿ 5.4 ಉಳಿದರೆ ಬಿಒಡಿ 1.7. ಈಗ ಕೇಳಿ: "ಮೂರನೇ ದಿನ ಉಳಿದದ್ದು ಸೊನ್ನೆ ಎಂದು ಬಂದರೆ ಬಿಒಡಿ ಎಷ್ಟು?" ಸೂತ್ರ ಮಾತ್ರ ಬಲ್ಲವರು ಥಟ್ಟನೆ 7.1 ಎನ್ನುತ್ತಾರೆ. ವಿಷಯ ತಿಳಿದವರು ತಡೆಯುತ್ತಾರೆ. ಆಮ್ಲಜನಕ ಮೊದಲ ದಿನವೇ ಮುಗಿದಿರಬಹುದು, ಸೂಕ್ಷ್ಮಜೀವಿಗಳಿಗೆ ಇನ್ನೂ ಬೇಕಿತ್ತೇನೋ. ಆದ್ದರಿಂದ 7.1ಕ್ಕಿಂತ ಕಡಿಮೆಯಲ್ಲ ಎನ್ನಬಹುದೇ ಹೊರತು ಎಷ್ಟೆಂದು ಹೇಳಲಾಗದು; ನೀರನ್ನು ತೆಳುಮಾಡಿ ಮತ್ತೆ ಮಾಡಬೇಕು. ಈ ಉತ್ತರ ತಡವರಿಸುತ್ತ ಬಂದರೂ ಪೂರ್ಣ ಅಂಕ ಕೊಡಿ. "ಕತ್ತಲಲ್ಲಿ ಯಾಕೆ?" ಎಂಬುದು ಇದರ ತಮ್ಮ: ಬೆಳಕಿದ್ದರೆ ಪಾಚಿ ಆಮ್ಲಜನಕ ಬಿಡುತ್ತದೆ, ಬಿಒಡಿ ಸುಳ್ಳೇ ಕಡಿಮೆ ಕಾಣುತ್ತದೆ.

5. ಜಾಗ ಬದಲಿಸಿ. ಇದೇ ಹೊಳೆ ಮರವಂತೆಯ ಪಕ್ಕ ಹರಿದು ಗಂಗೊಳ್ಳಿಯಲ್ಲಿ ಸಮುದ್ರ ಸೇರುತ್ತದೆ. "28 ಡಿಗ್ರಿಯ ಸಿಹಿನೀರು ಹೆಚ್ಚೆಂದರೆ ಸುಮಾರು 7.8 ಹಿಡಿಯುತ್ತದೆ ಎಂದು ಬರೆದಿದ್ದೀರಿ. ಮರವಂತೆಯಲ್ಲಿ ಉಬ್ಬರದ ಹೊತ್ತಿಗೆ ಮಾದರಿ ತೆಗೆದರೆ ಈ ಅಂಕಿ ನಡೆಯುತ್ತದೆಯೇ?" ಉಪ್ಪು ಬೆರೆತ ನೀರಿಗೆ ಆಮ್ಲಜನಕ ಕಡಿಮೆ ಕರಗುತ್ತದೆ. ಇದು ವರದಿಯಲ್ಲಿರುವುದಿಲ್ಲ, ಹಾಗಾಗಿ ಉತ್ತರ ಆಗಲೇ ಹುಟ್ಟಬೇಕು.

6. ತೀರ್ಮಾನದ ಪುಟಕ್ಕೆ ಕೊನೆಗೆ ಬನ್ನಿ. "ಸ್ನಾನಘಟ್ಟದಿಂದ ನೀರು ಕೆಡುತ್ತಿದೆ" ಎಂದು ಬರೆದಿದ್ದಾರೆ. 7.1ಕ್ಕೂ 6.4ಕ್ಕೂ ನಡುವೆ ಬೇರೆ ಏನೆಲ್ಲ ಬದಲಾಗಿರಬಹುದು? ಒಂದು ಮಾದರಿ ಬೆಳಿಗ್ಗೆ, ಇನ್ನೊಂದು ಮಧ್ಯಾಹ್ನ ತೆಗೆದಿದ್ದರೆ? ನೀರು ಬೆಚ್ಚಗಾದಷ್ಟೂ ಆಮ್ಲಜನಕ ಕಡಿಮೆ ಹಿಡಿಯುತ್ತದೆ. ಕೆಳಗೆ ನೀರು ಮಡುಗಟ್ಟಿ ನಿಂತಿದ್ದರೆ? ಇದಲ್ಲದೆ ಹೊರಾಂಗಣ ಸ್ನಾನಕ್ಕೆ ಇರುವ ಮಾನದಂಡ 5 ಅಥವಾ ಹೆಚ್ಚು. ಎರಡು ಜಾಗವೂ ಅದನ್ನು ದಾಟಿವೆ. ಮಲಮೂಲದ ಕೋಲಿಫಾರ್ಮ್ ಎಣಿಸದೆ ನೀರು ಸ್ನಾನಕ್ಕೆ ಯೋಗ್ಯವೋ ಅಲ್ಲವೋ ಹೇಳಲಾಗದು. ತಮ್ಮ ತೀರ್ಮಾನವನ್ನು ತಾವೇ ಒಂದು ಹೆಜ್ಜೆ ಹಿಂದಕ್ಕೆ ಎಳೆಯುವ ವಿದ್ಯಾರ್ಥಿ ಅದನ್ನು ಅರ್ಥಮಾಡಿಕೊಂಡೇ ಬರೆದಿದ್ದಾನೆ.

7. ನಾಲ್ವರ ಗುಂಪಾದರೆ ಟೈಟ್ರೇಶನ್ ಮಾಡಿದವಳಿಗೆ ನೀರು ತಂದ ಜಾಗದ ಬಗ್ಗೆ, ನೀರು ತಂದವನಿಗೆ ಲೆಕ್ಕದ ಬಗ್ಗೆ ಕೇಳಿ. ಅಂಕ ಒಬ್ಬೊಬ್ಬರಿಗೆ ಬೇರೆಬೇರೆ ಬರೆಯಿರಿ.

8. ಇಂಗ್ಲಿಷ್ ತಡವರಿಸಿದರೆ ಕನ್ನಡದಲ್ಲಿ ಹೇಳಲು ಬಿಡಿ, ಕುಂದಗನ್ನಡವಾದರೆ ಇನ್ನೂ ಒಳ್ಳೆಯದು. ವರದಿಯ ವಾಕ್ಯಗಳನ್ನು ಆ ಭಾಷೆಯಲ್ಲಿ ಯಾರೂ ಬಾಯಿಪಾಠ ಮಾಡಿರುವುದಿಲ್ಲ.