ವಿದೇಶ ರೋಮಿಂಗ್ ಬಿಲ್ಲಿಗೆ ತಕರಾರು ಪತ್ರ: ಗಡಿಯಾರದಿಂದ ಆರಂಭಿಸುವ ಕ್ರಮ

ನಂಗಲಿ ದಾಟಿ ಆಂಧ್ರದೊಳಗೆ ಹೋದ ಕೂಡಲೇ ಕರೆಗೆ ಹೆಚ್ಚು ಹಣ ಬೀಳುತ್ತಿದ್ದ ಕಾಲವನ್ನು ಮುಳಬಾಗಿಲಿನವರು ಇನ್ನೂ ಮರೆತಿಲ್ಲವಾದರೂ, ದೇಶದೊಳಗಿನ ಆ ರೋಮಿಂಗ್ ಹೊರೆ ಈಗ ಉಳಿದಿಲ್ಲ. ವಿದೇಶದಲ್ಲಿ ಮಾತ್ರ ಅದು ಹಾಗೆಯೇ ಇದೆ. ರೋಮಿಂಗ್ ಎಂದರೆ ಗ್ರಾಹಕರ ಫೋನ್ ಬೇರೊಂದು ಕಂಪನಿಯ ಜಾಲವನ್ನು ಬಳಸುವುದು. ಆ ವಿದೇಶಿ ಕಂಪನಿಯು ಬಳಕೆಯ ವಿವರವನ್ನು ‘ಟ್ಯಾಪ್ ಕಡತ’ ಎಂಬ ದಾಖಲೆಯಾಗಿ ಇಲ್ಲಿನ ಕಂಪನಿಗೆ ಕಳುಹಿಸುತ್ತದೆ, ಮತ್ತು ಅದು ತಡವಾಗಿ ಬಂದರೆ ಶುಲ್ಕವು ಪ್ರವಾಸ ಮುಗಿದ ಮುಂದಿನ ತಿಂಗಳ ಬಿಲ್ಲಿನಲ್ಲಿಯೂ ಕಾಣಿಸಿಕೊಳ್ಳಬಹುದು. ಈ ಕಡತದಲ್ಲಿ ಸಮಯವು ಬಳಕೆ ನಡೆದ ದೇಶದ ಗಡಿಯಾರದಂತೆ ದಾಖಲಾಗುತ್ತದೆ ಎಂಬುದು ತಕರಾರು ಬರೆಯುವವರು ಮೊದಲು ತಿಳಿಯಬೇಕಾದ ಸಂಗತಿ.

ಉದಾಹರಣೆಗಾಗಿ, ಶ್ರೀನಿವಾಸಪುರದ ಮಾವಿನ ವ್ಯಾಪಾರಿಯೊಬ್ಬರು ನಾಲ್ಕು ದಿನಗಳ ದುಬೈ ಪ್ರವಾಸಕ್ಕಾಗಿ, 3ನೇ ತಾರೀಖಿನ ಮಧ್ಯರಾತ್ರಿಯಿಂದ ಭಾರತೀಯ ಕಾಲಮಾನದಂತೆ ಜಾರಿಯಾಗುವ ರೋಮಿಂಗ್ ಪ್ಯಾಕ್ ಕೊಂಡಿದ್ದರೆಂದು ಭಾವಿಸಬಹುದು. ಬಿಲ್ಲಿನಲ್ಲಿ 2ನೇ ತಾರೀಖು ರಾತ್ರಿ 10:50ರ ಡೇಟಾ ಬಳಕೆಗೆ ಪ್ಯಾಕ್ ಇಲ್ಲದ ದರದಲ್ಲಿ ₹12,600, ಅದರ ಮೇಲೆ ಶೇ 18ರ ಜಿಎಸ್‌ಟಿ ₹2,268, ಒಟ್ಟು ₹14,868 ಬಂದಿದೆ. ನೋಡಿದೊಡನೆ ಪ್ಯಾಕ್‌ಗಿಂತ ಮೊದಲೇ ಫೋನ್ ಬಳಸಿದ್ದು ಗ್ರಾಹಕರದೇ ತಪ್ಪು ಎನಿಸುತ್ತದೆ. ಆದರೆ ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿರುವುದರಿಂದ, ಅಲ್ಲಿನ 10:50 ಎಂದರೆ ಇಲ್ಲಿ 3ನೇ ತಾರೀಖಿನ 12:20, ಅಂದರೆ ಪ್ಯಾಕ್ ಜಾರಿಯಾಗಿ ಇಪ್ಪತ್ತು ನಿಮಿಷ ಕಳೆದ ಹೊತ್ತು. ಈ ವಾದ ನಿಲ್ಲುವುದು ಪ್ಯಾಕ್‌ನ ಷರತ್ತಿನಲ್ಲಿ ಭಾರತೀಯ ಕಾಲಮಾನವೆಂದು ಬರೆದಿದ್ದರೆ ಮಾತ್ರ. ಆದ್ದರಿಂದ ಪ್ಯಾಕ್ ಜಾರಿಯಾದ ಸಂದೇಶ ಮತ್ತು ಷರತ್ತುಗಳ ಪುಟವನ್ನು ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು. ಬಳಕೆಯು ವಿಮಾನದೊಳಗಿನ ಜಾಲದಲ್ಲಿ ಆಗಿದ್ದರೆ, ದೇಶದ ಹೆಸರಿನಲ್ಲಿ ಕೊಂಡ ಪ್ಯಾಕ್ ಅದಕ್ಕೆ ಅನ್ವಯಿಸದಿರಬಹುದು; ಬಿಲ್ಲಿನಲ್ಲಿರುವ ಜಾಲದ ಹೆಸರನ್ನು ನೋಡಿದರೆ ಅದು ಗೊತ್ತಾಗುತ್ತದೆ.

ಎರಡನೆಯ ಹೆಜ್ಜೆಯಾಗಿ ಕಂಪನಿಯಿಂದ ವಿವರವಾದ ಬಿಲ್ಲನ್ನು, ಅಂದರೆ ಪ್ರತಿ ಬಳಕೆಯ ದಿನಾಂಕ, ಸಮಯ, ಜಾಲ ಮತ್ತು ಪ್ರಮಾಣ ಇರುವ ಪಟ್ಟಿಯನ್ನು, ತರಿಸಿಕೊಳ್ಳಬೇಕು. ಬಿಲ್ಲು ಆಟೋ ಪೇ ಮೂಲಕ ಕಡಿತವಾಗುವಂತಿದ್ದರೆ ಗಡುವಿಗೆ ಮುನ್ನವೇ ಅದನ್ನು ನಿಲ್ಲಿಸಿ, ತಕರಾರಿಲ್ಲದ ಮೊತ್ತವನ್ನು ಮಾತ್ರ ಪಾವತಿಸುವುದು ಒಳ್ಳೆಯದು, ಏಕೆಂದರೆ ಇಡೀ ಬಿಲ್ಲನ್ನೇ ಕಟ್ಟದೆ ಬಿಟ್ಟರೆ ಸಂಪರ್ಕ ಕಡಿತಕ್ಕೆ ಕಂಪನಿಗೆ ಸುಲಭವಾದ ಕಾರಣ ಸಿಗುತ್ತದೆ.

ಪತ್ರವು ಒಂದು ಪುಟ ಮೀರಬಾರದು. ಮೇಲ್ಭಾಗದಲ್ಲಿ ಮೊಬೈಲ್ ಸಂಖ್ಯೆ, ಖಾತೆ ಸಂಖ್ಯೆ, ಬಿಲ್ಲಿನ ಸಂಖ್ಯೆ ಮತ್ತು ದಿನಾಂಕ ಬರೆದು, ನಡುಭಾಗವನ್ನು ಹೀಗೆ ರೂಪಿಸಬಹುದು: “ಸದರಿ ಬಿಲ್ಲಿನಲ್ಲಿ 2ನೇ ತಾರೀಖು ರಾತ್ರಿ 10:50ಕ್ಕೆ ನಮೂದಾದ ಡೇಟಾ ಬಳಕೆಯು ದುಬೈ ಕಾಲಮಾನದ್ದಾಗಿದ್ದು, ಭಾರತೀಯ ಕಾಲಮಾನದಂತೆ 3ನೇ ತಾರೀಖು 12:20ಕ್ಕೆ, ಪ್ಯಾಕ್‌ನ ಅವಧಿಯೊಳಗೆ ನಡೆದಿರುತ್ತದೆ. ಆದುದರಿಂದ ತೆರಿಗೆ ಸೇರಿ ₹14,868 ಅನ್ನು ಬಿಲ್ಲಿನಿಂದ ಕೈಬಿಡಬೇಕೆಂದು, ತಮ್ಮ ನಿಲುವು ಬೇರೆಯಾಗಿದ್ದಲ್ಲಿ ವಿದೇಶಿ ಕಂಪನಿಯಿಂದ ಬಂದ ಮೂಲ ದಾಖಲೆಯ ಸಮಯವನ್ನು ಲಿಖಿತವಾಗಿ ತಿಳಿಸಬೇಕೆಂದು, ತೀರ್ಮಾನವಾಗುವವರೆಗೆ ವಿಳಂಬ ಶುಲ್ಕ ವಿಧಿಸಬಾರದೆಂದು ಕೋರಲಾಗಿದೆ.” ಬಿಲ್ಲು ಅನ್ಯಾಯದ್ದು ಎಂದು ದೂರುವ ನಾಲ್ಕು ಪುಟಗಳಿಗಿಂತ ಈ ಎರಡು ವಾಕ್ಯಗಳಿಗೆ ಉತ್ತರಿಸದೆ ಜಾರಿಕೊಳ್ಳುವುದು ಕಂಪನಿಗೆ ಕಷ್ಟ.

ಪತ್ರವನ್ನು ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿದರೂ, ಕಂಪನಿಯ ದೂರು ಕೇಂದ್ರದಿಂದ ಡಾಕೆಟ್ ಸಂಖ್ಯೆಯನ್ನು, ಅಂದರೆ ದೂರು ನೋಂದಣಿಯಾದ ಗುರುತಿನ ಸಂಖ್ಯೆಯನ್ನು, ಪಡೆಯುವುದನ್ನು ಬಿಡಬಾರದು, ಏಕೆಂದರೆ ಮುಂದಿನ ಹಂತಗಳೆಲ್ಲ ಅದನ್ನೇ ಅವಲಂಬಿಸಿರುತ್ತವೆ. ಉತ್ತರ ತೃಪ್ತಿಕರವಾಗಿರದಿದ್ದರೆ ಅಥವಾ ದೂರು ಪರಿಹರಿಸಲು ಕಂಪನಿಗಿರುವ ಗಡುವು ಮೀರಿದರೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, 2012ರ ನಿಯಮಗಳಂತೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನಗಳೊಳಗೆ ಶುಲ್ಕವಿಲ್ಲದೆ ಮೇಲ್ಮನವಿ ಸಲ್ಲಿಸಬಹುದು. ಅದನ್ನು 39 ದಿನಗಳಲ್ಲಿ ಇತ್ಯರ್ಥಪಡಿಸಬೇಕು. ಪ್ರತಿ ಕಂಪನಿಯ ಮೇಲ್ಮನವಿ ವಿಳಾಸವು tccms.trai.gov.in ತಾಣದಲ್ಲಿದೆ. ಟ್ರಾಯ್ ಸ್ವತಃ ಒಬ್ಬೊಬ್ಬರ ದೂರನ್ನು ವಿಚಾರಣೆ ಮಾಡುವುದಿಲ್ಲವಾದ್ದರಿಂದ ಅಲ್ಲಿಗೆ ಬರೆದು ಕಾಯುತ್ತ ಕುಳಿತರೆ ಈ 30 ದಿನಗಳೇ ಕೈತಪ್ಪುತ್ತವೆ.

ಮೇಲ್ಮನವಿಯಲ್ಲಿಯೂ ಪರಿಹಾರ ದೊರೆಯದಿದ್ದರೆ ಗ್ರಾಹಕ ಆಯೋಗವಿದೆ. ದೂರಸಂಪರ್ಕ ವ್ಯಾಜ್ಯಗಳನ್ನು ಗ್ರಾಹಕ ವೇದಿಕೆಗಳು ಕೇಳುವಂತಿಲ್ಲವೆಂಬ ಹಳೆಯ ವಾದವನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ತಳ್ಳಿಹಾಕಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಅವಕಾಶ ಕೊಟ್ಟಿರುವುದರಿಂದ, ಕಂಪನಿಯ ಕಚೇರಿ ದೆಹಲಿಯಲ್ಲಿರಲಿ ಮುಂಬೈಯಲ್ಲಿರಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರೆಲ್ಲರೂ ಕೋಲಾರದ ಜಿಲ್ಲಾ ಆಯೋಗದ ಮುಂದೆಯೇ ಹೋಗಬಹುದು. ಇಷ್ಟು ಸಣ್ಣ ಮೊತ್ತದ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆದರೆ ತಕರಾರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ, ಬಿಲ್ಲು, ಪ್ಯಾಕ್‌ನ ಸಂದೇಶ, ಪತ್ರದ ಪ್ರತಿ ಮತ್ತು ಡಾಕೆಟ್ ಸಂಖ್ಯೆಯೊಂದಿಗೆ ಅದನ್ನು ಸಲ್ಲಿಸಬೇಕು.