‘ನಾಲ್ಕನೇ ಮಹಡಿ’ ಎಂಬ ಉತ್ತರದಲ್ಲಿ ಒಂದು ಧ್ವನಿ: ಭಾಷಾ ಚರವನ್ನು ಎಣಿಸುವ ಪಾಠ

‘ಪಠ್ಯಕ್ರಮದಾದ್ಯಂತ ಭಾಷೆ’ ಪತ್ರಿಕೆಯ ಅಂಗವಾಗಿ ಸಹಪಾಠಿಗಳಿಗೆ ನಲವತ್ತು ನಿಮಿಷದ ಒಂದು ಪಾಠ ಮಾಡಬೇಕಿತ್ತು. ನಾನು ವಿಜ್ಞಾನ ವಿಭಾಗದವಳು. ಚರ, ನಿಯಂತ್ರಣ, ಪುನರಾವರ್ತನೆ ಎಂಬ ಮಾತುಗಳು ನಮಗೆ ಪ್ರಯೋಗಶಾಲೆಯಲ್ಲಿ ಪರಿಚಿತ. ಅವೇ ಮಾತುಗಳನ್ನು ಜನರ ಆಡುಮಾತಿಗೆ ಅನ್ವಯಿಸಿದ ಅಧ್ಯಯನವೊಂದನ್ನು ಆರಿಸಿಕೊಂಡೆ. ವಿಲಿಯಂ ಲಬೋವ್ 1962ರಲ್ಲಿ ನ್ಯೂಯಾರ್ಕ್ ನಗರದ ಮೂರು ದೊಡ್ಡ ಮಳಿಗೆಗಳಲ್ಲಿ ಮಾಡಿದ ಸಮೀಕ್ಷೆ ಅದು.

ಏನನ್ನು ಎಣಿಸಬೇಕು?

ನ್ಯೂಯಾರ್ಕಿನ ಜನ ಇಂಗ್ಲಿಷಿನ ‘ಫೋರ್ತ್ ಫ್ಲೋರ್’, ಅಂದರೆ ನಾಲ್ಕನೇ ಮಹಡಿ ಎಂಬ ಮಾತನ್ನು ಎರಡು ಬಗೆಯಲ್ಲಿ ಹೇಳುತ್ತಿದ್ದರು: ‘ರ್’ ಕೇಳುವಂತೆ ‘ಫೋರ್ತ್ ಫ್ಲೋರ್’ ಎಂದು, ಇಲ್ಲವೇ ‘ರ್’ ಬಿಟ್ಟು ‘ಫೋತ್ ಫ್ಲೋ’ ಎಂದು. ಅರ್ಥದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಹೀಗೆ ಅರ್ಥ ಬದಲಾಗದೆ ರೂಪ ಮಾತ್ರ ಬದಲಾಗುವ, ಆ ಬದಲಾವಣೆ ಸಮಾಜದ ಯಾವುದಾದರೂ ಅಂಶದೊಂದಿಗೆ ಹೊಂದಿಕೊಂಡು ಸಾಗುವ ಘಟಕವೇ ಸಾಮಾಜಿಕ ಭಾಷಾ ಚರ.

ಕಪ್ಪುಹಲಗೆಯ ಮೇಲೆ ಮೊದಲು ಬರೆದದ್ದು ಎಣಿಕೆಯ ನಿಯಮ. ‘ರ್’ ಕೇಳಿಸಿದ ಸಲಗಳನ್ನಷ್ಟೇ ಎಣಿಸಿದರೆ ಸಾಲದು. ಅದು ಕೇಳಿಸಬಹುದಾಗಿದ್ದ ಎಲ್ಲ ಸ್ಥಾನಗಳನ್ನೂ ಎಣಿಸಬೇಕು. ಇಲ್ಲದಿದ್ದರೆ ಹೆಚ್ಚು ಮಾತಾಡಿದವನೇ ಹೆಚ್ಚು ‘ರ್’ ನುಡಿದವನಂತೆ ಕಾಣುತ್ತಾನೆ. ಶೇಕಡಾವಾರು ತೆಗೆಯುವಾಗ ಛೇದವೇ ಮುಖ್ಯ ಎಂದು ಹೇಳಿದ್ದು ಗಣಿತದ ಗೆಳೆಯರಿಗೆ ಕೂಡಲೇ ಹಿಡಿಸಿತು.

ಪ್ರಯೋಗದ ಕ್ರಮ

ಲಬೋವ್ ಆರಿಸಿದ ಮಳಿಗೆಗಳು ಮೂರು ಅಂತಸ್ತಿನವು. ಸ್ಯಾಕ್ಸ್ ಶ್ರೀಮಂತರದು, ಮೇಸೀಸ್ ಮಧ್ಯಮ ವರ್ಗದ್ದು, ಎಸ್. ಕ್ಲೈನ್ ಅಗ್ಗದ ಬೆಲೆಯದು. ನಾಲ್ಕನೇ ಮಹಡಿಯಲ್ಲಿ ಯಾವ ವಿಭಾಗವಿದೆ ಎಂದು ಮೊದಲೇ ತಿಳಿದುಕೊಂಡು, ಗಿರಾಕಿಯಂತೆ ಹೋಗಿ, ಆ ವಿಭಾಗ ಎಲ್ಲಿದೆಯೆಂದು ನೌಕರರನ್ನು ಕೇಳುತ್ತಿದ್ದರು. ‘ಫೋರ್ತ್ ಫ್ಲೋರ್’ ಎಂಬ ಉತ್ತರ ಬಂದ ಮೇಲೆ, ಸರಿಯಾಗಿ ಕೇಳಿಸಲಿಲ್ಲವೆಂಬಂತೆ ಮುಂದೆ ಬಾಗಿ ಮತ್ತೆ ವಿಚಾರಿಸುತ್ತಿದ್ದರು. ಆಗ ಅದೇ ಉತ್ತರ ಒತ್ತಿ ಹೇಳಿದ ದನಿಯಲ್ಲಿ ಬರುತ್ತಿತ್ತು. ಬಳಿಕ ನೌಕರರ ಕಣ್ಣಿಗೆ ಬೀಳದ ಜಾಗಕ್ಕೆ ಹೋಗಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು.

ಹೀಗೆ ಒಬ್ಬೊಬ್ಬರಿಂದ ನಾಲ್ಕು ಸ್ಥಾನಗಳು ಸಿಕ್ಕವು: ಸಹಜ ದನಿಯಲ್ಲಿ ಎರಡು ಪದ, ಒತ್ತಿದ ದನಿಯಲ್ಲಿ ಅವೇ ಎರಡು ಪದ. ಎಲ್ಲರಿಂದಲೂ ಅದೇ ಪದಗಳು ಬಂದದ್ದರಿಂದ ಪದ ಇಲ್ಲಿ ಸ್ಥಿರಾಂಕವಾಯಿತು. ಮಳಿಗೆ, ಹುದ್ದೆ, ವಯಸ್ಸು ಮೊದಲಾದವು ಸ್ವತಂತ್ರ ಚರಗಳು, ‘ರ್’ ಅವಲಂಬಿತ ಚರ. ಸಂದರ್ಶನವೆಂದು ಗೊತ್ತಾದರೆ ಜನ ಮಾತು ತಿದ್ದಿಕೊಳ್ಳುತ್ತಾರೆ. ಇಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ.

ಫಲಿತಾಂಶ

ಒಟ್ಟು 264 ನೌಕರರು: ಸ್ಯಾಕ್ಸ್‌ನಲ್ಲಿ 68, ಮೇಸೀಸ್‌ನಲ್ಲಿ 125, ಕ್ಲೈನ್‌ನಲ್ಲಿ 71. ಒಂದು ಸ್ಥಾನದಲ್ಲಾದರೂ ‘ರ್’ ನುಡಿದವರು ಕ್ರಮವಾಗಿ ಶೇ. 62, 51 ಮತ್ತು 20. ತಲೆಯೆಣಿಕೆಗೆ ಪರಿವರ್ತಿಸಿರೆಂದು ಸಹಪಾಠಿಗಳಿಗೆ ಹೇಳಿದೆ. ಸುಮಾರು 42, 64 ಮತ್ತು 14 ಮಂದಿ ಎಂದು ಬಂತು. ಶೇಕಡಾವಾರಿಗಿಂತ ಈ ಸಂಖ್ಯೆಗಳು ಚರ್ಚೆಗೆ ಹೆಚ್ಚು ನೆರವಾದವು. ಕ್ಲೈನ್‌ನಲ್ಲೂ ‘ರ್’ ನುಡಿದವರಿದ್ದಾರೆ, ಸ್ಯಾಕ್ಸ್‌ನಲ್ಲೂ ಬಿಟ್ಟವರು 26 ಮಂದಿ ಇದ್ದಾರೆ. ಮಾತು ಕೇಳಿ ಒಬ್ಬ ವ್ಯಕ್ತಿಯ ಅಂತಸ್ತನ್ನು ಹೇಳಲಾಗದು. ಗುಂಪುಗಳ ನಡುವಿನ ಪ್ರಮಾಣವನ್ನು ಮಾತ್ರ ಹೇಳಬಹುದು.

ಈ ನೌಕರರು ಶ್ರೀಮಂತರಲ್ಲ, ಶ್ರೀಮಂತರಿಗೆ ಸರಕು ಮಾರುವವರು. ಗಿರಾಕಿಗಳ ಪ್ರತಿಷ್ಠೆಯನ್ನು ಅವರು ಮಾತಿನಲ್ಲಿ ಕಡ ಪಡೆಯುತ್ತಾರೆ ಎಂಬುದು ಲಬೋವ್ ಅವರ ವಿವರಣೆ.

ಶೈಲಿ ಪಲ್ಲಟ

ಎರಡನೇ ಸಲ ಕೇಳಿದಾಗ ಏನಾಯಿತೆಂಬುದೇ ನನ್ನ ಪಾಠದ ಮುಖ್ಯ ಭಾಗ. ‘ಫ್ಲೋರ್’ ಪದವೊಂದನ್ನೇ ನೋಡೋಣ. ಸಹಜ ದನಿಯಿಂದ ಒತ್ತಿದ ದನಿಗೆ ಹೋದಾಗ ‘ರ್’ ಪ್ರಮಾಣ ಸ್ಯಾಕ್ಸ್‌ನಲ್ಲಿ ಶೇ. 63ರಿಂದ 64, ಮೇಸೀಸ್‌ನಲ್ಲಿ 44ರಿಂದ 61, ಕ್ಲೈನ್‌ನಲ್ಲಿ 8ರಿಂದ 18 ಆಯಿತು.

‘ಎರಡನೇ ಸಲ ಎಲ್ಲರೂ ಬಿಡಿಸಿ ಹೇಳುತ್ತಾರಲ್ಲ, ಇದರಲ್ಲಿ ಪ್ರತಿಷ್ಠೆ ಎಲ್ಲಿಂದ ಬಂತು?’ ಎಂದು ಸಹಪಾಠಿಯೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಬಿಡಿಸಿ ಹೇಳುವುದೊಂದೇ ಕಾರಣವಾಗಿದ್ದರೆ ಮೂರು ಮಳಿಗೆಗಳಲ್ಲೂ ಏರಿಕೆ ಹೆಚ್ಚುಕಡಿಮೆ ಒಂದೇ ಆಗಬೇಕಿತ್ತು. ಸ್ಯಾಕ್ಸ್‌ನಲ್ಲಿ ಏರಿಕೆಯೇ ಇಲ್ಲವೆನ್ನಬಹುದು, ಮೇಸೀಸ್‌ನಲ್ಲಿ 17 ಅಂಶ. ಮಧ್ಯದವರಿಗೆ ‘ಸರಿಯಾದ’ ರೂಪ ಯಾವುದೆಂದು ಗೊತ್ತಿದೆ, ಆದರೆ ಅದು ಅವರ ದಿನನಿತ್ಯದ ರೂಪವಲ್ಲ. ಗಮನ ಹೆಚ್ಚಿದಾಗ ಅದರ ಕಡೆ ಜಿಗಿಯುತ್ತಾರೆ.

‘ಸರಿ’ ಎಂಬುದು ಧ್ವನಿಯಲ್ಲೇ ಅಡಗಿದೆಯೇ? ಇಲ್ಲ. ಅದೇ ಕಾಲದ ಇಂಗ್ಲೆಂಡಿನಲ್ಲಿ ಇದೇ ಸ್ಥಾನದ ‘ರ್’ ಬಿಡುವುದೇ ಪ್ರತಿಷ್ಠೆಯ ಉಚ್ಚಾರವಾಗಿತ್ತು. ಧ್ವನಿ ಒಂದೇ, ಬೆಲೆ ತಿರುಗುಮುರುಗು.

ಮಿತಿಗಳು

ದಾಖಲೆಗೆ ಧ್ವನಿಮುದ್ರಣವಿರಲಿಲ್ಲ. ಕೇಳಿದವರು, ಗುರುತಿಸಿದವರು, ಊಹೆ ಕಟ್ಟಿದವರು ಮೂವರೂ ಒಬ್ಬರೇ. ವಯಸ್ಸನ್ನು ನೋಟದಿಂದ ಅಂದಾಜು ಮಾಡಿದ್ದು. ಕೆಲವರು ಎರಡನೇ ಸಲ ಪೂರ್ತಿ ಉತ್ತರ ಕೊಡಲಿಲ್ಲ, ಅವರಿಂದ ಸಿಕ್ಕ ಸ್ಥಾನಗಳು ಕಡಿಮೆ. ಇಂಥ ದೋಷಗಳಿಂದಲೇ ಫಲಿತಾಂಶ ಹುಟ್ಟಿದೆಯೋ ಎಂದು ತಿಳಿಯಲು ಇರುವ ದಾರಿ ಪುನರಾವರ್ತನೆ. 1986ರಲ್ಲಿ ಜಾಯ್ ಫೌಲರ್ ಇದೇ ಕ್ರಮದಲ್ಲಿ ಸಮೀಕ್ಷೆ ಮಾಡಿದರು. ಆ ವೇಳೆಗೆ ಕ್ಲೈನ್ ಮುಚ್ಚಿಹೋಗಿದ್ದರಿಂದ ಬದಲಿ ಮಳಿಗೆಯೊಂದನ್ನು ಆರಿಸಬೇಕಾಯಿತು. ಆಗಲೂ ಮಳಿಗೆಗಳ ಅದೇ ಶ್ರೇಣಿ ಕಂಡುಬಂತು.

ನಮ್ಮ ತರಗತಿಗೆ

ಹಳೇ ಮೈಸೂರು ಕಡೆಯ ಅನೇಕರ ಮಾತಿನಲ್ಲಿ ಪದದ ಮೊದಲ ‘ಹ’ ಬಿದ್ದುಹೋಗುತ್ತದೆ. ಸೂಚಕದ ಪ್ರಯೋಗ ಮಾಡಿಸುವಾಗ ‘ಎಷ್ಟು ಹಾಕಿದೆ?’ ಎಂದು ಕೇಳಿದರೆ ‘ಅತ್ತು ಅನಿ, ಮಿಸ್’ ಎಂಬ ಉತ್ತರ ಬರಬಹುದು. ‘ಏನು?’ ಎಂದರೆ ಅದೇ ಮಗು ‘ಹತ್ತು ಹನಿ’ ಎನ್ನಬಹುದು. ಪದ ಎರಡು, ಸಲ ಎರಡು, ಸ್ಥಾನ ನಾಲ್ಕು: ರಚನೆ ಲಬೋವ್ ಅವರದೇ. ಫಲಿತಾಂಶವೂ ಅದೇ ಎಂದು ಎಣಿಸದೆ ಹೇಳುವಂತಿಲ್ಲ. ಇದಕ್ಕೆ ಇನ್ನೊಂದು ತೊಡಕೂ ಇದೆ. ಶಿಕ್ಷಕಿ ‘ಏನು?’ ಎಂದಾಗ ಮಗು ಉಚ್ಚಾರವನ್ನಲ್ಲ, ಸಂಖ್ಯೆಯನ್ನೇ ತಪ್ಪೆಂದುಕೊಂಡು ‘ಹನ್ನೆರಡು’ ಎಂದುಬಿಡಬಹುದು. ಮಳಿಗೆಯ ಗಿರಾಕಿಯ ‘ಏನು?’ಗೂ ತರಗತಿಯ ‘ಏನು?’ಗೂ ಇರುವ ಅಂತರ ಇದು.

ಎರಡನೇ ಸಲ ‘ಹ’ ಬಂದರೆ, ಆ ರೂಪ ಮಗುವಿಗೆ ಈಗಾಗಲೇ ಗೊತ್ತು ಎಂದರ್ಥ. ಅದನ್ನು ಹೊಸದಾಗಿ ಕಲಿಸಬೇಕಿಲ್ಲ, ಯಾವಾಗ ಬಳಸಬೇಕೆಂಬುದಷ್ಟೇ ಪ್ರಶ್ನೆ. ಬಾರದಿದ್ದರೂ ವಿಜ್ಞಾನದ ಉತ್ತರ ಸರಿಯೇ ಆಗಿದೆ. ಆದ್ದರಿಂದ ಪಾಠಯೋಜನೆಯ ಮೌಲ್ಯಮಾಪನ ಪಟ್ಟಿಯಲ್ಲಿ ‘ಉತ್ತರ’ ಮತ್ತು ‘ಉಚ್ಚಾರ’ಕ್ಕೆ ಬೇರೆ ಬೇರೆ ಅಂಕಣ ಹಾಕಿದ್ದೇನೆ. ವಿಜ್ಞಾನದ ಅಂಕ ಮೊದಲ ಅಂಕಣದಿಂದ ಮಾತ್ರ. ಎರಡನೆಯದರಲ್ಲಿ ಅಂಕವಿಲ್ಲ, ಸಹಜ ಮಾತಿನ ಸಲ ಒಂದು ಗೆರೆ, ಒತ್ತಿ ಹೇಳಿದ ಸಲ ಒಂದು ಗೆರೆ.