ಫ್ರಾಂಚೈಸಿ ಕರಾರು: ನಾಲ್ಕು ಷರತ್ತುಗಳ ಅರ್ಥವಿವೇಚನೆ

ಹೆಸರಾದ ಸಂಸ್ಥೆಯೊಂದರ ಹೆಸರು, ಲಾಂಛನ ಮತ್ತು ವ್ಯಾಪಾರ ಪದ್ಧತಿಗಳನ್ನು ಬಳಸಿಕೊಂಡು ಸ್ವಂತ ಬಂಡವಾಳದಿಂದ ಅಂಗಡಿ ನಡೆಸಲು ದೊರೆಯುವ ಅನುಮತಿಗೆ ಫ್ರಾಂಚೈಸಿ ಎಂದು ಹೆಸರು. ಭಾರತದಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯಿದೆಯಿಲ್ಲ. 1872ರ ಕರಾರು ಕಾಯಿದೆಯೇ ಮುಖ್ಯ ಆಧಾರ. ಆದಕಾರಣ ಅಂಗಡಿಯ ಒಡೆಯರ ಹಕ್ಕುಗಳು ಬಹುಮಟ್ಟಿಗೆ ಪತ್ರದಲ್ಲಿ ಬರೆದಷ್ಟೇ ಆಗಿರುತ್ತವೆ. ಹೊಸೂರಿನಲ್ಲಿ 15 ಲಕ್ಷ ರೂಪಾಯಿ ತೊಡಗಿಸಿ ಚಹಾ ಅಂಗಡಿ ತೆರೆಯಲಿರುವ ಯುವತಿಯೊಬ್ಬಳ ಕಲ್ಪಿತ ಉದಾಹರಣೆಯಿಂದ ಇದನ್ನು ಪರಿಶೀಲಿಸಬಹುದು.

ರಾಯಧನ

ಕರಾರಿನಲ್ಲಿ ರಾಯಧನ ಶೇಕಡಾ 6 ಎಂದಿದೆ. ಯಾವುದರ ಶೇಕಡಾ 6 ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಸಾಮಾನ್ಯವಾಗಿ ಅದು ಲಾಭದ ಭಾಗವಲ್ಲ, ಒಟ್ಟು ಮಾರಾಟದ ಭಾಗ. ತಿಂಗಳ ಮಾರಾಟ 4,00,000 ರೂಪಾಯಿ ಎಂದಿಟ್ಟುಕೊಳ್ಳೋಣ. ಸಾಮಗ್ರಿಗೆ ಮಾರಾಟದ ಶೇಕಡಾ 45, ಅಂದರೆ 1,80,000. ಬಾಡಿಗೆ, ಸಂಬಳ, ವಿದ್ಯುತ್ತು ಸೇರಿ 1,55,000. ಉಳಿಯುವುದು 65,000. ರಾಯಧನ 24,000, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 4,320. ಶೇಕಡಾ 5ರ ದರದಲ್ಲಿ ತೆರಿಗೆ ಕಟ್ಟುವ ಉಪಾಹಾರದ ಅಂಗಡಿಗೆ ಈ ತೆರಿಗೆಯನ್ನು ಹಿಂದೆ ಹೊಂದಿಸಿಕೊಳ್ಳುವ ಅವಕಾಶವಿಲ್ಲವಾದ್ದರಿಂದ ಅದೂ ವೆಚ್ಚವೇ. ಕೊನೆಗೆ ಕೈಗೆ ಬರುವುದು 36,680.

ಮಾರಾಟ 3,00,000ಕ್ಕೆ ಇಳಿದರೆ ಸಾಮಗ್ರಿಯ ವೆಚ್ಚ ತಗ್ಗುತ್ತದೆ, ಬಾಡಿಗೆ ಸಂಬಳಗಳು ತಗ್ಗುವುದಿಲ್ಲ. ಆಗ ಉಳಿಯುವುದು ಬರಿಯ 10,000; ತೆರಿಗೆ ಸೇರಿದ ರಾಯಧನವಾದರೋ 21,240. ಅಂಗಡಿ 11,240 ರೂಪಾಯಿ ನಷ್ಟದಲ್ಲಿದ್ದರೂ ಸಂಸ್ಥೆಗೆ ವರಮಾನ ನಿಲ್ಲುವುದಿಲ್ಲ. ಮಾರಾಟ ಎಷ್ಟೇ ಇರಲಿ, ಇಂತಿಷ್ಟು ಕನಿಷ್ಠ ರಾಯಧನ ಕೊಡಬೇಕೆಂಬ ಮಾತು ಇದ್ದರೆ ಹೊರೆ ಇನ್ನೂ ಹೆಚ್ಚುತ್ತದೆ.

ವ್ಯಾಪಾರ ಕ್ಷೇತ್ರ

‘ಹೊಸೂರಿನಲ್ಲಿ ಅಂಗಡಿ ನಡೆಸಲು ಅನುಮತಿ ನೀಡಲಾಗಿದೆ’ ಎಂಬ ವಾಕ್ಯ ಅಂಗಡಿಯ ಸ್ಥಳವನ್ನಷ್ಟೇ ಹೇಳುತ್ತದೆ. ‘ಈ ಅಂಗಡಿಯಿಂದ 3 ಕಿಲೋಮೀಟರ್ ಒಳಗೆ ಸಂಸ್ಥೆಯು ತಾನಾಗಲಿ, ಅನ್ಯರ ಮೂಲಕವಾಗಲಿ ಬೇರೆ ಅಂಗಡಿ ತೆರೆಯತಕ್ಕದ್ದಲ್ಲ’ ಎಂದಿದ್ದರೆ ಮಾತ್ರ ರಕ್ಷಣೆ ದೊರೆಯುತ್ತದೆ. ಆ್ಯಪ್‌ಗಳ ಮೂಲಕ ಮನೆಗೆ ತಲುಪಿಸುವ ಮಾರಾಟ ಈ ನಿರ್ಬಂಧಕ್ಕೆ ಒಳಪಡುವುದೇ ಎಂಬುದೂ ಸ್ಪಷ್ಟವಿರಬೇಕು. ಕ್ಷೇತ್ರವನ್ನು ರಾಜ್ಯದ ಎಲ್ಲೆಯಿಂದ ಗುರುತಿಸಿದ್ದರೆ, ಜೂಜುವಾಡಿಯ ಬಳಿ ಅಂಗಡಿಯಿಟ್ಟವಳಿಗೆ ಗಡಿಯಾಚೆಯ ಅತ್ತಿಬೆಲೆಯಲ್ಲಿ ಅದೇ ಹೆಸರಿನ ಅಂಗಡಿ ತೆರೆದರೂ ಆಕ್ಷೇಪಿಸಲು ಆಧಾರವಿರುವುದಿಲ್ಲ. ಗಿರಾಕಿಗಳಿಗೆ ರಾಜ್ಯದ ಗಡಿ ಅಡ್ಡಿಯಲ್ಲ.

ನವೀಕರಣ

ತಿಂಗಳಿಗೆ 36,680ರಂತೆ 15 ಲಕ್ಷ ಮರಳಿ ಬರಲು ಸುಮಾರು 41 ತಿಂಗಳು ಬೇಕು. ಅದೂ ಮೊದಲ ದಿನದಿಂದಲೇ ಪೂರ್ಣ ಮಾರಾಟ ನಡೆದರೆ. ಕರಾರಿನ ಅವಧಿ 36 ತಿಂಗಳಾದರೆ ಬಂಡವಾಳ ಮರಳುವ ಮುನ್ನವೇ ಅದು ಮುಗಿಯುತ್ತದೆ. ಆಗ ಒಂದು ಕ್ರಿಯಾಪದದ ಪ್ರತ್ಯಯವೇ ನಿರ್ಣಾಯಕವಾಗುತ್ತದೆ. ‘ಸಂಸ್ಥೆಯು ನವೀಕರಿಸಬಹುದು’ ಎಂದರೆ ಅದು ಸಂಸ್ಥೆಯ ಇಚ್ಛೆ. ‘ಬಾಕಿಯಿಲ್ಲದೆ ಷರತ್ತುಗಳನ್ನು ಪಾಲಿಸಿದ್ದರೆ ನವೀಕರಿಸತಕ್ಕದ್ದು’ ಎಂದರೆ ಅದು ಒಡತಿಯ ಹಕ್ಕು. ‘ಅಂದು ಚಾಲ್ತಿಯಲ್ಲಿರುವ ಕರಾರಿನಂತೆ’ ಎಂಬ ಮಾತಿದ್ದರೆ ನವೀಕರಣವಾದರೂ ರಾಯಧನದ ದರ ಏರಬಹುದು. ಮಳಿಗೆಯ ಬಾಡಿಗೆ ಪತ್ರದ ಅವಧಿಯೂ ಕರಾರಿನ ಅವಧಿಗೆ ಹೊಂದಿಕೆಯಾಗಬೇಕು. ಮಳಿಗೆ ತಪ್ಪಿದರೂ ಕರಾರಿನ ಹೊಣೆ ಉಳಿಯಬಹುದು.

ರದ್ದತಿ

ಕಾರಣವಿದ್ದು ರದ್ದುಪಡಿಸುವುದು ಬೇರೆ, ಕಾರಣವಿಲ್ಲದೆ ಬರಿಯ ನೋಟಿಸಿನಿಂದ ರದ್ದುಪಡಿಸುವುದು ಬೇರೆ. ಮೊದಲನೆಯದರಲ್ಲಿ ಲೋಪವನ್ನು ಸರಿಪಡಿಸಲು 30 ದಿನಗಳಂಥ ಕಾಲಾವಕಾಶವನ್ನು ಬರೆಸಿಕೊಳ್ಳಬೇಕು. ಎರಡನೆಯ ಅಧಿಕಾರ ಸಂಸ್ಥೆಗೆ ಮಾತ್ರವಿದ್ದು ಒಡತಿಗೆ ಇಲ್ಲದಿದ್ದರೆ, ನಷ್ಟದ ತಿಂಗಳುಗಳಲ್ಲಿ ಆಕೆಗೆ ಹೊರಬರುವ ದಾರಿಯಿಲ್ಲ. ಉಳಿದ ಅವಧಿಯ ರಾಯಧನವನ್ನೆಲ್ಲ ದಂಡವಾಗಿ ತೆರಬೇಕೆಂದು ಬರೆದಿದ್ದರೂ, ಕಾಯಿದೆಯ 74ನೆಯ ಪ್ರಕರಣದಂತೆ ನ್ಯಾಯಾಲಯವು ನಮೂದಿಸಿದ ಮೊತ್ತವನ್ನು ಮೀರದ, ಯುಕ್ತವಾದ ಪರಿಹಾರವನ್ನಷ್ಟೇ ಕೊಡಿಸುತ್ತದೆ.

ಕರಾರು ಮುಗಿದ ಮೇಲೆ ಸಂಸ್ಥೆಯ ಹೆಸರು, ಫಲಕ ತೆಗೆಯಲೇಬೇಕು. ಆದರೆ ಅದೇ ಮಳಿಗೆಯಲ್ಲಿ ಬೇರೆ ಹೆಸರಿನಿಂದ ಚಹಾ ಮಾರಬಹುದೆ? ವ್ಯಾಪಾರಕ್ಕೆ ತಡೆಯೊಡ್ಡುವ ಕರಾರು ಆ ಮಟ್ಟಿಗೆ ಅಸಿಂಧುವೆಂದು 27ನೆಯ ಪ್ರಕರಣ ಹೇಳುತ್ತದೆ. ಕರಾರು ಜಾರಿಯಲ್ಲಿರುವಾಗಿನ ಇಂಥ ತಡೆ ಸಾಮಾನ್ಯವಾಗಿ ಸಿಂಧುವೆಂದು 1995ರ ಗುಜರಾತ್ ಬಾಟ್ಲಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತಿಳಿಸಿತು. ಅವಧಿ ಮುಗಿದ ಬಳಿಕದ ನಿಷೇಧವನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಎತ್ತಿಹಿಡಿಯುವುದಿಲ್ಲ.

ಅಭ್ಯಾಸ

1. ರಾಯಧನದ ದರ ಶೇಕಡಾ 4 ಆದರೆ, 3,00,000 ರೂಪಾಯಿ ಮಾರಾಟದ ತಿಂಗಳಲ್ಲಿ ನಷ್ಟವೆಷ್ಟು?
2. ‘ನವೀಕರಣವನ್ನು ಪರಿಗಣಿಸಲಾಗುವುದು’ ಎಂಬ ವಾಕ್ಯದಲ್ಲಿ ಕರ್ತೃ ಯಾರು? ಒಡತಿಯ ಹಕ್ಕು ಸ್ಪಷ್ಟವಾಗುವಂತೆ ತಿದ್ದಿ ಬರೆಯಿರಿ.